ಒಂದು OK ಒತ್ತಿದ್ದಕ್ಕೆ

ಬನಹಟ್ಟಿಯ ಮಗ್ಗದ ಸದ್ದಿನ ನಡುವೆ ಫೋನ್ ಪರದೆಯ ಮೇಲೆ ದಿಢೀರನೆ ಸಂದೇಶವೊಂದು ಮೂಡುತ್ತದೆ. ನೂಲಿನ ಧೂಳು ಮೆತ್ತಿದ ಬೆರಳು ಅದನ್ನು ಸರಿಸಲು ಹೋಗಿ OK ಒತ್ತುತ್ತದೆ. ಕಾಲರ್ ಟ್ಯೂನೋ ರಾಶಿಭವಿಷ್ಯವೋ ಚಾಲೂ ಆಗಿ, ಅವಧಿ ಮುಗಿದಾಗಲೆಲ್ಲ ಬ್ಯಾಲೆನ್ಸ್‌ನಿಂದ ಹಣ ತಾನಾಗಿ ಕಡಿತವಾಗುತ್ತದೆ. ದುಡಿದ ದುಡ್ಡು ಹೀಗೆ ಸೋರುವುದು ಅನ್ಯಾಯ.

ಒಂದೇ ಒಪ್ಪಿಗೆ ಸಾಲದು, ದರ ತಿಳಿಸಿ ಎರಡನೇ ಸಲ ಕೇಳಲೇಬೇಕು ಎಂದು ಟ್ರಾಯ್ 2013ರಲ್ಲೇ ಕಟ್ಟಪ್ಪಣೆ ಮಾಡಿದೆ. ನಿಲ್ಲಿಸಲು 155223ಕ್ಕೆ ಕರೆ ಮಾಡಿ, ಇಲ್ಲವೇ STOP ಎಂದು ಎಸ್‌ಎಂಎಸ್ ಕಳಿಸಿ, ಇದಕ್ಕೆ ಶುಲ್ಕವಿಲ್ಲ. ಚಾಲೂ ಆದ 24 ಗಂಟೆಯೊಳಗೆ ಕೇಳಿದರೆ ಹಣವನ್ನೂ ಮರಳಿಸಬೇಕು. ಸೇವೆಯ ಹೆಸರು, ವೇಳೆ ಇರುವ ಸಂದೇಶ ಅಳಿಸಬೇಡಿ. ಸೇವೆ ನಿಂತಿತೆಂಬ ಉತ್ತರ ಬರುವವರೆಗೆ ಟಾಪ್‌ಅಪ್ ಬೇಡ.