ಫೈನಲ್‌ಗೆ ಮುಂಚಿನ ಒಂದು ನಿಮಿಷ

ಕಬಡ್ಡಿ ಫೈನಲ್ ಶುರುವಾಗುವ ಮುನ್ನ ಕ್ಯಾಪ್ಟನ್ ಏನು ಹೇಳಬೇಕು? ‘ಕಾಲೇಜಿನ ಮಾನ ನಿಮ್ಮ ಕೈಯಲ್ಲಿದೆ’ ಅಂತಲೇ? ಖಂಡಿತ ಬೇಡ ಅನ್ನುತ್ತೇನೆ. ಎರಡು ವರ್ಷ, ಎರಡು ಅಂತರಕಾಲೇಜು ಫೈನಲ್‌ಗಳಲ್ಲಿ ರೈಟ್ ಕಾರ್ನರ್ ಆಗಿ ನಿಂತು ಕಲಿತ ಪಾಠ ಇದು.

ಮೊದಲ ವರ್ಷ ನಮಗೆ ಹತ್ತು ನಿಮಿಷದ ಭಾಷಣ ಸಿಕ್ಕಿತ್ತು. ಅದರಲ್ಲಿ ಮಾನ, ಟ್ರೋಫಿ, ಸೀನಿಯರ್‌ಗಳ ಕನಸು ಎಲ್ಲವೂ ಇದ್ದವು. ಮ್ಯಾಟ್‌ಗೆ ಇಳಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಏನಾದರೂ ಮಾಡಿ ತೋರಿಸಬೇಕು. ಎದುರಾಳಿ ರೈಡರ್ ಇನ್ನೂ ಮುಖ ನಮ್ಮ ಕಡೆಗಿಟ್ಟುಕೊಂಡು ಆಡಿಸುತ್ತಿದ್ದಾಗಲೇ ಅವನ ಕಾಲಿಗೆ ಹಾರಿದೆ. ಹಿಡಿತ ತಪ್ಪಿತು. ನನ್ನನ್ನು ನಂಬಿ ಮುನ್ನುಗ್ಗಿದ ಇಬ್ಬರನ್ನೂ ಮುಟ್ಟಿ ಅವನು ಗೆರೆ ದಾಟಿದ. ಒಂದೇ ರೈಡ್‌ಗೆ ಮೂರು ಪಾಯಿಂಟ್. ಗಾಬರಿಯಲ್ಲಿ ನಮ್ಮ ಕ್ಯಾಪ್ಟನ್ ರೈಡ್‌ಗೆ ಹೋಗಿ ಸಿಕ್ಕಿಬಿದ್ದ. ಉಳಿದ ಮೂವರೂ ಬೇಗನೆ ಔಟಾದರು. ಏಳು ಜನಕ್ಕೆ ಏಳು, ಆಲ್ ಔಟ್‌ಗೆ ಹೆಚ್ಚುವರಿ ಎರಡು. ಐದು ನಿಮಿಷದಲ್ಲಿ 0-9. ಕೊನೆಗೆ ಸೋತಿದ್ದು ಐದೇ ಪಾಯಿಂಟ್‌ಗಳಿಂದ. ಅಂದರೆ ಉಳಿದ ಮೂವತ್ತೈದು ನಿಮಿಷಗಳ ಆಟದಲ್ಲಿ ನಾವೇ ಮುಂದಿದ್ದೆವು!

ಮರುವರ್ಷ ಹೊಸ ಕ್ಯಾಪ್ಟನ್. ವಾರ್ಮ್ ಅಪ್ ಮುಗಿದ ಮೇಲೆ ನಮ್ಮನ್ನು ಸುತ್ತ ನಿಲ್ಲಿಸಿಕೊಂಡು ಅವನು ಹೇಳಿದ್ದು ಇಷ್ಟೇ:

“ಭಯ ಆಗ್ತಿದೆ ಅಲ್ವಾ? ನನಗೂ ಆಗ್ತಿದೆ, ಕೈ ಮುಟ್ಟಿ ನೋಡ್ರೋ, ತಣ್ಣಗಿದೆ. ಮೊದಲ ಐದು ನಿಮಿಷ ಯಾರೂ ಹೀರೊ ಆಗೋದು ಬೇಡ. ಮೊದಲ ರೈಡ್ ನಂದು. ಬಾಲ್ಕ್ ಲೈನ್ ದಾಟಿ ಸುಮ್ನೆ ವಾಪಸ್ ಬರ್ತೀನಿ, ಪಾಯಿಂಟ್ ಬರ್ಲಿಲ್ಲ ಅಂತ ಮುಖ ಸಣ್ಣ ಮಾಡ್ಬೇಡಿ. ಕಾರ್ನರ್, ಅವನು ತಿರುಗೋವರೆಗೂ ನೀನು ಕಾಲಿಗೆ ಹೋಗ್ಬೇಡ. ಬೋನಸ್ ತಗೊಂಡ್ರೆ ತಗೊಳ್ಲಿ, ಒಂದೇ ಪಾಯಿಂಟು. ‘ಹಿಡಿ’ ಅಂತ ಕೂಗೋದು ಲೆಫ್ಟ್ ಕವರ್ ಒಬ್ಬನೇ. ಮೂರೇ ಜನ ಉಳಿದ್ರೆ ಹೆದರ್ಬೇಡಿ, ಆಗ ಹಿಡಿದ್ರೆ ನಮಗೆ ಎರಡು. ತಪ್ಪಾದ್ರೆ ಯಾರೂ ಬೈಯೋ ಹಾಗಿಲ್ಲ, ನಾನೂ ಅಷ್ಟೆ. ನಡೀರಿ.”

ಒಂದು ನಿಮಿಷವೂ ಆಗಿರಲಿಲ್ಲ. ಆದರೆ ಅದರಲ್ಲಿ ಪ್ರತಿ ಮಾತಿಗೂ ಒಂದು ಕೆಲಸವಿತ್ತು. ಭಯ ಬಂದಾಗ ಆಟಗಾರ ಅವಸರ ಮಾಡುತ್ತಾನೆ. ಡಿಫೆಂಡರ್ ಬೇಗ ಹಾರುತ್ತಾನೆ, ರೈಡರ್ ಬಾಲ್ಕ್ ಲೈನ್ ದಾಟುವುದನ್ನೇ ಮರೆತು ವಾಪಸ್ ಬಂದು ಔಟಾಗುತ್ತಾನೆ. ‘ಧೈರ್ಯವಾಗಿರಿ’ ಎಂದರೆ ಈ ಅವಸರ ನಿಲ್ಲುವುದಿಲ್ಲ. ‘ಅವನು ತಿರುಗೋವರೆಗೂ ಕಾಯಿ’ ಎಂದರೆ ನಿಲ್ಲುತ್ತದೆ, ಏಕೆಂದರೆ ಕಣ್ಣಿಗೆ ನೋಡಲು ಒಂದು ಗುರುತು ಸಿಗುತ್ತದೆ. ಮೊದಲ ರೈಡ್ ಖಾಲಿ ಬರುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ಅದು ಸೋಲಿನಂತೆ ಕಾಣಲಿಲ್ಲ. ಹೇಗೂ ಸತತ ಎರಡು ಖಾಲಿ ರೈಡ್ ಆದ ಮೇಲಷ್ಟೇ ಮೂರನೆಯದು ಡು ಆರ್ ಡೈ ಆಗುವುದು. ಅಲ್ಲಿಯವರೆಗೆ ಉಸಿರು ಹದಕ್ಕೆ ಬರಲು ಸಮಯವಿರುತ್ತದೆ.

ಗಮನಿಸಿ, ಅವನು ಹೊಸದೇನನ್ನೂ ಹೇಳಲಿಲ್ಲ. ಎಲ್ಲವೂ ನಾವು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇ. ಫೈನಲ್ ದಿನ ಹೊಸ ತಂತ್ರ ಹೇಳಿಕೊಡುವ ಕ್ಯಾಪ್ಟನ್ ಭಯಕ್ಕೆ ಗೊಂದಲವನ್ನೂ ಸೇರಿಸುತ್ತಾನೆ.

ಐದು ನಿಮಿಷವಾದಾಗ ಸ್ಕೋರ್ 2-3. ನಾವು ಹಿಂದಿದ್ದೆವು, ಆದರೆ ಮ್ಯಾಟ್ ಮೇಲೆ ಐದು ಜನ ಇದ್ದೆವು. ಹಿಂದಿರುವುದು ದೊಡ್ಡ ವಿಷಯವಲ್ಲ. 2019ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಅರ್ಧ ಆಟಕ್ಕೆ 9-16ರಿಂದ ಹಿಂದಿತ್ತು. ಕೊನೆಗೆ ಗುಜರಾತ್ ವಿರುದ್ಧ 38-33ರಿಂದ ಗೆದ್ದಿತು, ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು. ಕಬಡ್ಡಿಯಲ್ಲಿ ಏಳು ಪಾಯಿಂಟ್ ತುಂಬಿಕೊಳ್ಳಲು ಬರುತ್ತದೆ, ತಂಡ ತಲೆ ಕೆಡಿಸಿಕೊಳ್ಳದಿದ್ದರೆ.

ನಾವು ಎರಡು ಪಾಯಿಂಟ್‌ಗಳಿಂದ ಗೆದ್ದೆವು. ಭಾಷಣದಿಂದಲೇ ಗೆದ್ದೆವು ಎಂದರೆ ಸುಳ್ಳಾಗುತ್ತದೆ. ಕೊನೆಯ ರೈಡ್‌ನಲ್ಲಿ ಎದುರಾಳಿ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟು ತಾನೇ ಔಟಾದ. ಅದು ನಮ್ಮ ಅದೃಷ್ಟ. ಆದರೆ ಕೊನೆಯ ರೈಡ್‌ವರೆಗೂ ಪಂದ್ಯ ನಮ್ಮ ಕೈಯಲ್ಲಿ ಇತ್ತಲ್ಲ, ಅದು ಆ ಒಂದು ನಿಮಿಷದ ಲೆಕ್ಕಕ್ಕೆ ಸೇರಬೇಕು.

ಈ ಸಲ ಯಾರಾದರೂ ಕ್ಯಾಪ್ಟನ್ ಆಗಿದ್ದರೆ, ಫೈನಲ್ ಹಿಂದಿನ ರಾತ್ರಿ ನಾಲ್ಕು ಸಾಲು ಬರೆದುಕೊಳ್ಳಿ: ಮೊದಲ ರೈಡ್ ಯಾರದು, ಹಿಡಿಯುವುದು ಯಾವಾಗ, ಕೂಗುವುದು ಯಾರು, ತಪ್ಪಾದರೆ ಏನು. ಮಾನದ ಮಾತು ಟ್ರೋಫಿ ಎತ್ತಿದ ಮೇಲೆ ಇರಲಿ.