ದುಂಡುಗೊಳಿಸುವ ಆತುರ ಮತ್ತು ಒಂದು ತಂತಿಯ ಕಥೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಸ್ವತಃ ಅಧ್ಯಾಪಕರಾಗಿದ್ದಾರೆ. ಇನ್ನು ಕೆಲವರ ಮಕ್ಕಳು ಪದವಿಪೂರ್ವ ತರಗತಿಗಳಲ್ಲಿ ಭೌತವಿಜ್ಞಾನದ ಪ್ರಯೋಗ ಪುಸ್ತಕ ಬರೆಯುತ್ತಿದ್ದಾರೆ. ಆ ಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಆದೇಶದ ವಿರುದ್ಧ ಇಲ್ಲಿ ವಾದ ಹೂಡುತ್ತಿದ್ದೇನೆ. "ಪ್ರತಿ ಹಂತದಲ್ಲಿಯೂ ಉತ್ತರವನ್ನು ಎರಡು ದಶಮಾಂಶ ಸ್ಥಾನಗಳಿಗೆ ದುಂಡುಗೊಳಿಸಿ ಬರೆಯಿರಿ" ಎಂಬುದೇ ಆ ಆದೇಶ. ನೋಡಲು ಇದು ಶಿಸ್ತಿನಂತೆ ತೋರುತ್ತದೆ; ವಾಸ್ತವದಲ್ಲಿ ಇದು ಅಳತೆಗೆ ಬಗೆಯುವ ದ್ರೋಹ.

ನಿಮಗೆಲ್ಲ ಪರಿಚಿತವಾದ ಪ್ರಯೋಗವೊಂದನ್ನೇ ತೆಗೆದುಕೊಳ್ಳೋಣ. ಮೀಟರ್ ಬ್ರಿಜ್‌ನಿಂದ ತಂತಿಯೊಂದರ ರೋಧವನ್ನು ಅಳೆದು, ಸ್ಕ್ರೂ ಗೇಜ್‌ನಿಂದ ಅದರ ವ್ಯಾಸವನ್ನು ಅಳೆದು, ತಂತಿಯ ಲೋಹದ ರೋಧಶೀಲತೆಯನ್ನು ಕಂಡುಹಿಡಿಯುವುದು. ತಂತಿ ಕಾನ್‌ಸ್ಟಂಟನ್‌ನದು ಎಂದಿರಲಿ. ಉದ್ದ 100.0 ಸೆಂ.ಮೀ., ರೋಧ 2.95 ಓಮ್, ವ್ಯಾಸ 0.46 ಮಿ.ಮೀ. ರೋಧವನ್ನು ತಂತಿಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ರೋಧಶೀಲತೆ ದೊರೆಯುತ್ತದೆ. ಲೆಕ್ಕವೆಂದರೆ ಇಷ್ಟೇ.

ಆದೇಶವನ್ನು ಶಿರಸಾವಹಿಸಿದ ಹುಡುಗನು ಎಲ್ಲವನ್ನೂ ಸೆಂಟಿಮೀಟರಿಗೆ ಪರಿವರ್ತಿಸುತ್ತಾನೆ. ತ್ರಿಜ್ಯ 0.023 ಸೆಂ.ಮೀ.; ಎರಡು ದಶಮಾಂಶ ಸ್ಥಾನಗಳಿಗೆ ಅದು 0.02. ಮುಂದಿನ ಹಂತದಲ್ಲಿ ವಿಸ್ತೀರ್ಣ 0.0012566 ಚ.ಸೆಂ.ಮೀ. ಎಂದು ಬರುತ್ತದೆ. ಇದನ್ನೂ ಆದೇಶದಂತೆ ದುಂಡುಗೊಳಿಸಿದರೆ 0.00 ಆಗಿ ತಂತಿಯೇ ಮಾಯವಾಗುತ್ತದೆ! ಹುಡುಗನು ದಡ್ಡನಲ್ಲ, ಇಲ್ಲಿ ಆದೇಶವನ್ನು ಮೆಲ್ಲಗೆ ಬದಿಗಿಟ್ಟು ಅಂಕಿಗಳನ್ನು ಉಳಿಸಿಕೊಳ್ಳುತ್ತಾನೆ. ಆದರೆ ಹಾನಿ ಹಿಂದಿನ ಹಂತದಲ್ಲೇ ಆಗಿಹೋಗಿದೆ. ಅವನ ಅಂತಿಮ ಉತ್ತರ 3.7 × 10⁻⁷ ಓಮ್-ಮೀಟರ್. ಆ ತಂತಿಯ ಅಳತೆಗಳು ನಿಜಕ್ಕೂ ಹೇಳುವುದು 4.9 × 10⁻⁷ ಎಂದು. ನೂರಕ್ಕೆ ಸುಮಾರು 24ರಷ್ಟು ಕೊರತೆ! ಅದಕ್ಕೆ ಕಾರಣವಾಗಿ ಪುಸ್ತಕದಲ್ಲಿ ತಂತಿ ಬಿಸಿಯಾದದ್ದನ್ನೂ ತುದಿಗಳ ಸಡಿಲ ಸಂಪರ್ಕವನ್ನೂ ದೂರಲಾಗುತ್ತದೆ. ದೋಷವೆಲ್ಲ ಲೇಖನಿಯದು, ಶಿಕ್ಷೆ ಮಾತ್ರ ಉಪಕರಣಕ್ಕೆ.

ಇದೇ ಹುಡುಗನು ಸೆಂಟಿಮೀಟರಿಗೆ ಹೋಗದೆ ಮಿಲಿಮೀಟರಿನಲ್ಲೇ ಉಳಿದಿದ್ದರೆ ತ್ರಿಜ್ಯ 0.23 ಆಗಿ, ಯಾವ ಅಂಕಿಯೂ ನಷ್ಟವಾಗುತ್ತಿರಲಿಲ್ಲ. ಅದೇ ತಂತಿ, ಅದೇ ಆದೇಶ; ಆದರೂ ಮಾನ ಬದಲಾದೊಡನೆ ಉತ್ತರ ಬದಲಾಗುತ್ತದೆ. ಮಾನವನ್ನು ಬದಲಾಯಿಸಿದ ಮಾತ್ರಕ್ಕೆ ಲೋಹದ ಗುಣ ಬದಲಾಗುವುದಾದರೆ ಅಂಥ ನಿಯಮವು ನಿಯಮವೇ ಅಲ್ಲ. ದಶಮಾಂಶ ಬಿಂದುವಿನ ಸ್ಥಾನವು ನಾವು ಆರಿಸಿಕೊಂಡ ಮಾನಕ್ಕೆ ಸೇರಿದ್ದು. ಸಾರ್ಥಕ ಅಂಕಿಗಳು ಅಳತೆಗೆ ಸೇರಿದವು. 0.46 ಮಿ.ಮೀ. ಎಂದರೂ 0.046 ಸೆಂ.ಮೀ. ಎಂದರೂ ಸಾರ್ಥಕ ಅಂಕಿಗಳು ಎರಡೇ: 4 ಮತ್ತು 6.

ಹಾಗಾದರೆ ದಶಮಾಂಶ ಸ್ಥಾನಗಳನ್ನು ಎಣಿಸುವ ಪದ್ಧತಿ ಎಲ್ಲಿಂದ ಬಂತು? ಅದಕ್ಕೂ ಒಂದು ನ್ಯಾಯವಾದ ಮನೆಯಿದೆ. ಕೂಡುವಾಗ, ಕಳೆಯುವಾಗ ಸ್ಥಾನವನ್ನೇ ನೋಡಬೇಕು. ಸ್ಕ್ರೂ ಗೇಜ್ 0.49 ಮಿ.ಮೀ. ತೋರಿಸಿ, ಅದರ ಶೂನ್ಯದೋಷ +0.03 ಆಗಿದ್ದರೆ ವ್ಯಾಸ 0.46. ಇಲ್ಲಿ ನೂರನೆಯ ಸ್ಥಾನದವರೆಗೆ ಉತ್ತರವನ್ನು ನಂಬಬಹುದು, ಅದರಾಚೆಗಲ್ಲ. ಗುಣಾಕಾರ, ಭಾಗಾಕಾರಗಳ ಮನೆಯೇ ಬೇರೆ. ಅಲ್ಲಿ ಸಾರ್ಥಕ ಅಂಕಿಗಳನ್ನು ಎಣಿಸಬೇಕು. ಒಂದು ಮನೆಯ ಕಟ್ಟಳೆಯನ್ನು ಇನ್ನೊಂದು ಮನೆಗೆ ಹೇರಿದ್ದೇ ಈ ಅನರ್ಥಕ್ಕೆ ಮೂಲ.

"ಸರಿ ಮೇಷ್ಟ್ರೇ, ಹಾಗಾದರೆ ಪ್ರತಿ ಹಂತದಲ್ಲೂ ಎರಡು ಸಾರ್ಥಕ ಅಂಕಿಗಳಿಗೆ ದುಂಡುಗೊಳಿಸೋಣ" ಎಂದು ನಿಮ್ಮಲ್ಲಿ ಜಾಣರು ಹೇಳಬಹುದು. ಅದೂ ಸಲ್ಲದು. ಮಿಲಿಮೀಟರಿನಲ್ಲಿ ವಿಸ್ತೀರ್ಣ 0.16619 ಚ.ಮಿ.ಮೀ.; ಎರಡು ಸಾರ್ಥಕ ಅಂಕಿಗಳಿಗೆ 0.17. ಅದರಿಂದ ಲೆಕ್ಕ ಮುಂದುವರಿಸಿದರೆ ರೋಧಶೀಲತೆ 5.0 × 10⁻⁷ ಎಂದು ಬರುತ್ತದೆ. ಒಂದೇ ಒಂದು ಅಂಕಿಯನ್ನು ಹೆಚ್ಚಾಗಿ ಇರಿಸಿಕೊಂಡು 0.166 ಎಂದು ಬರೆದಿದ್ದರೆ 4.897, ಅಂದರೆ ಸರಿಯಾದ 4.9 ದೊರೆಯುತ್ತದೆ. ಅಂತಿಮ ಉತ್ತರಕ್ಕೆ ಸಲ್ಲುವ ಅಂಕಿಗಳಿಗಿಂತ ಒಂದೆರಡನ್ನು ನಡುವಿನ ಹಂತಗಳಲ್ಲಿ ಕಾವಲಿಗೆ ಇರಿಸಿಕೊಳ್ಳಬೇಕು. ದುಂಡುಗೊಳಿಸುವುದು ಒಮ್ಮೆ ಮಾತ್ರ, ಅದೂ ಕೊನೆಯಲ್ಲಿ.

ನಾವು ಓದುವ ಕಾಲಕ್ಕೆ ಕ್ಲಾರ್ಕ್ ಕೋಷ್ಟಕಗಳಿದ್ದವು. ನಾಲ್ಕಂಕಿಯ ಲಾಗರಿದಮ್‌ನಲ್ಲಿ ಲೆಕ್ಕವು ಮೊದಲಿನಿಂದ ಕೊನೆಯವರೆಗೆ ಸಾಗುತ್ತಿದ್ದುದರಿಂದ ಎರಡು, ಮೂರು ಅಂಕಿಯ ಅಳತೆಗಳಿಗೆ ಕಾವಲು ತಾನಾಗಿಯೇ ಒದಗುತ್ತಿತ್ತು. ಇಂದು ಕೈಯಲ್ಲಿ ಹತ್ತಂಕಿಯ ಕ್ಯಾಲ್ಕ್ಯುಲೇಟರ್ ಇದ್ದರೂ, ನಡುವಿನ ಉತ್ತರವನ್ನು ಕತ್ತರಿಸಿ ಕಾಗದಕ್ಕಿಳಿಸಿ, ಕತ್ತರಿಸಿದ್ದನ್ನೇ ಮತ್ತೆ ಒತ್ತಲಾಗುತ್ತಿದೆ. ನಿಜವಾದ ಸಂಖ್ಯೆ ಯಂತ್ರದ ಸ್ಮೃತಿಯಲ್ಲೇ ಇರಲಿ. ಕಾಗದದ ಮೇಲೆ ಓದುಗರಿಗಾಗಿ ಮೂರು ಅಂಕಿ ಬರೆದರೆ ಸಾಕು.

"ಇಷ್ಟು ಸಣ್ಣ ವ್ಯತ್ಯಾಸಗಳು ಮೇಲೆ ಕೆಳಗೆ ಆಗಿ ಒಂದನ್ನೊಂದು ಹೊಡೆದುಹಾಕುತ್ತವೆ" ಎಂಬ ಸಮಾಧಾನವೂ ಉಂಟು. ಕೆನಡಾದ ವ್ಯಾಂಕೂವರ್ ಷೇರುಪೇಟೆಯು 1982ರಲ್ಲಿ ತನ್ನ ಸೂಚ್ಯಂಕವನ್ನು 1000ದಿಂದ ಆರಂಭಿಸಿ, ಪ್ರತಿ ವ್ಯವಹಾರದ ನಂತರವೂ ಹೊಸದಾಗಿ ಲೆಕ್ಕ ಹಾಕಿ, ಮೂರು ದಶಮಾಂಶ ಸ್ಥಾನಗಳಾಚೆಗಿನದನ್ನು ಸುಮ್ಮನೆ ಕತ್ತರಿಸುತ್ತಿತ್ತು. 1983ರ ನವೆಂಬರ್ ವೇಳೆಗೆ ಸೂಚ್ಯಂಕ ಸುಮಾರು 525ಕ್ಕೆ ಕುಸಿದಿತ್ತು. ಸರಿಪಡಿಸಿದಾಗ ಅದು ಸುಮಾರು 1099. ಕತ್ತರಿಯು ಯಾವಾಗಲೂ ಕೆಳಮುಖವಾಗಿಯೇ ಆಡುವಾಗ ಯಾವುದೂ ಯಾವುದನ್ನೂ ಹೊಡೆದುಹಾಕುವುದಿಲ್ಲ.

ಇನ್ನು ಎದುರು ದಡದವರಿಗೂ ಒಂದು ಮಾತು. ಯಂತ್ರ ತೋರಿಸಿತೆಂದು 4.9026 × 10⁻⁷ ಎಂದು ಬರೆದು, "ಇದು ಕಾನ್‌ಸ್ಟಂಟನ್ ಎಂದು ಸಿದ್ಧವಾಯಿತು" ಎನ್ನುವವರೂ ತಪ್ಪೇ ಮಾಡುತ್ತಿದ್ದಾರೆ. ವ್ಯಾಸದಲ್ಲಿ 0.01 ಮಿ.ಮೀ. ಸಂದೇಹವೆಂದರೆ ನೂರಕ್ಕೆ ಸುಮಾರು 2. ವರ್ಗ ಮಾಡಿದೊಡನೆ ಅದು ಸುಮಾರು 4. ಆದ್ದರಿಂದ ಉತ್ತರ 4.7ರಿಂದ 5.1ರ ನಡುವೆ ಎಲ್ಲಿಯಾದರೂ ಇರಬಹುದು. ಮ್ಯಾಂಗನಿನ್‌ನ ರೋಧಶೀಲತೆ ಸುಮಾರು 4.8, ಈ ಅಳತೆ ಅವೆರಡನ್ನು ಬೇರ್ಪಡಿಸಲಾರದು. ಇದು ನೈಕ್ರೋಮ್ ಅಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಹುದು, ಏಕೆಂದರೆ ಅದರ ಬೆಲೆ ಇದರ ಎರಡರಷ್ಟು. "4.9 ಮತ್ತು 5.0 ಎರಡೂ ಈ ಮಿತಿಯೊಳಗೇ ಇವೆಯಲ್ಲ, ಜಗಳವೇಕೆ?" ಎಂದು ಕೇಳಬೇಡಿ. ಸ್ಕ್ರೂ ಗೇಜ್‌ನ ಸಂದೇಹ ಅನಿವಾರ್ಯ. ಲೇಖನಿಯಿಂದ ಅದರ ಅರ್ಧದಷ್ಟನ್ನು ಮತ್ತೆ ಸೇರಿಸುವುದು ಅನಿವಾರ್ಯವಲ್ಲ. ಸಂದೇಹವನ್ನು ಹೀಗೆ ಲೆಕ್ಕ ಹಾಕಬಲ್ಲಿರಾದರೆ ಅದನ್ನೇ ನಂಬಿರಿ. ಸಾರ್ಥಕ ಅಂಕಿಗಳ ನಿಯಮ ಅದರ ಒರಟು ನೆರಳು ಮಾತ್ರ. 0.46, 0.99 ಎರಡಕ್ಕೂ ಅದು ಒಂದೇ ಗೌರವ ಕೊಡುತ್ತದೆ, ಆದರೆ ಮೊದಲನೆಯದರ ಸಂದೇಹ ಎರಡನೆಯದರ ಎರಡರಷ್ಟು.

ಎಲ್ಲರ ಉತ್ತರವೂ ಒಂದೇ ರೀತಿ ಬಂದರೆ ಮೌಲ್ಯಮಾಪನ ಸುಲಭ ಎಂಬುದು ಆದೇಶ ಹೊರಡಿಸುವವರ ಕೊನೆಯ ಸಮರ್ಥನೆ. ಒಂದೇ ರೀತಿಯ ತಪ್ಪು ಉತ್ತರಗಳನ್ನು ತಿದ್ದುವುದು ಸುಲಭವೇ ಹೌದು. ಅಧ್ಯಾಪಕರಾಗಿರುವ ನನ್ನ ಶಿಷ್ಯರು ಅದರ ಬದಲು ಒಂದು ಪರೀಕ್ಷೆ ಮಾಡಿಸಲಿ. ನಡುವಿನ ಹಂತಗಳಲ್ಲಿ ಇನ್ನೊಂದು ಅಂಕಿಯನ್ನು ಸೇರಿಸಿಕೊಂಡು ಲೆಕ್ಕವನ್ನು ಮತ್ತೆ ಮಾಡಿಸಿರಿ. ಕೊನೆಯ ಉತ್ತರ ಅಲುಗಾಡಿದರೆ ಎಲ್ಲೋ ಬೇಗನೆ ಕತ್ತರಿಸಿದ್ದಾರೆ ಎಂದೇ ಅರ್ಥ. ಅಲುಗಾಡದಿದ್ದರೆ ಅಂಕ ಕೊಡಿರಿ.