ಉತ್ತರಪತ್ರದ ಗೆಲುವು, ಲೇಖನದ ಸೋಲು

ಸಂಶೋಧನ ಲೇಖನವನ್ನು ಅಚ್ಚಿಗೆ ಮುನ್ನ ಓದುವ ಪರಿಶೀಲಕರು ಯಾವುದೋ ಒಂದು ವಾಕ್ಯವನ್ನು ತಪ್ಪಾಗಿ ಗ್ರಹಿಸಿದರೆ, ವಿದ್ವಾಂಸರಲ್ಲಿ ಹಲವರು ಸಂಪಾದಕರಿಗೆ ಬರೆಯುವ ಉತ್ತರಪತ್ರವನ್ನೇ ವಾದದ ಕಣವನ್ನಾಗಿ ಮಾಡಿಕೊಳ್ಳುತ್ತಾರೆ. ‘ಪರಿಶೀಲಕರು ಅಡಿಟಿಪ್ಪಣಿಯನ್ನು ಗಮನಿಸಿಲ್ಲ’ ಎಂದು ಬರೆದು, ಕರಡಿನ ಒಂದಕ್ಷರವನ್ನೂ ಮುಟ್ಟದೆ ಹಿಂದಿರುಗಿಸುತ್ತಾರೆ. ಈ ಗೆಲುವಿನ ವೆಚ್ಚವನ್ನು ತೆರುವವನು ಮುಂದಿನ ಓದುಗ. ಅವನ ಕೈಗೆ ಬರುವುದು ಲೇಖನವೇ ಹೊರತು ಉತ್ತರಪತ್ರವಲ್ಲ.

ರೋಣ ಸೀಮೆಯ ಸೂಡಿಯ ತಾಮ್ರಶಾಸನದಿಂದ ಇದನ್ನು ವಿವರಿಸಬಹುದು. ಗಂಗ ಬೂತುಗನ ಹೆಸರಿನ ಈ ಶಾಸನದ ಕಾಲನಿರ್ದೇಶ ಶಕ 860, ಅಂದರೆ ಕ್ರಿ.ಶ. 938. ಅವನ ಅರಸಿ ದೀವಳಾಂಬೆ ಸೂಡಿಯಲ್ಲಿ ಕಟ್ಟಿಸಿದ ಬಸದಿಗೆ 60 ನಿವರ್ತನ ಭೂಮಿಯನ್ನು ದತ್ತಿಯಾಗಿ ಕೊಟ್ಟುದನ್ನು ಅದು ಹೇಳುತ್ತದೆ. ‘ಎಪಿಗ್ರಾಫಿಯಾ ಇಂಡಿಕಾ’ದ 3ನೆಯ ಸಂಪುಟದಲ್ಲಿ ಇದನ್ನು ಸಂಪಾದಿಸಿದ ಜೆ.ಎಫ್. ಫ್ಲೀಟರು ಇದು ಕೂಟಶಾಸನವೆಂದು ತೀರ್ಮಾನಿಸಿದರು.

ಒಂದು ಕರಡಿನಲ್ಲಿ ‘938ರಲ್ಲಿ ದೀವಳಾಂಬೆ ಸೂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು’ ಎಂದಿದೆಯೆಂದು ಭಾವಿಸಬಹುದು. ಫ್ಲೀಟರ ತೀರ್ಮಾನ ಅಡಿಟಿಪ್ಪಣಿಯಲ್ಲಿದೆ. ಲೇಖಕರು ಕೂಟಶಾಸನವನ್ನು ನಂಬಿದ್ದಾರೆಂದು ಪರಿಶೀಲಕರು ಆಕ್ಷೇಪಿಸುತ್ತಾರೆ. ಲೇಖಕರು ನಂಬಿಲ್ಲ, ಆಕ್ಷೇಪ ತಪ್ಪು ಗ್ರಹಿಕೆಯೇ ಸರಿ. ಆದರೆ ಅದಕ್ಕೆ ಎಡೆಗೊಟ್ಟದ್ದು ‘ಕಟ್ಟಿಸಿದಳು’ ಎಂಬ ಕ್ರಿಯಾಪದ. ಶಾಸನದ ಹೇಳಿಕೆ ಅದರಿಂದ ಲೇಖಕರ ಹೇಳಿಕೆಯಾಯಿತು. ದತ್ತಿಯ ವರ್ಷ ಬಸದಿಯ ನಿರ್ಮಾಣದ ವರ್ಷವೂ ಆಯಿತು.

ಇಂಥಲ್ಲಿ ಉತ್ತರಪತ್ರಕ್ಕೆ ಮೂರು ವಾಕ್ಯ ಸಾಕು: ‘ಶಾಸನವನ್ನು ನಿಜವೆಂದು ಒಪ್ಪುವುದು ಲೇಖನದ ಉದ್ದೇಶವಲ್ಲ. ಆದರೆ ಮೂಲ ವಾಕ್ಯ ಆ ಅರ್ಥಕ್ಕೆ ಅವಕಾಶ ಕೊಟ್ಟಿತ್ತು. ಅದನ್ನು ತಿದ್ದಿ, ತಿದ್ದಿದ ಪಾಠವನ್ನು ಕೆಳಗೆ ಕೊಡಲಾಗಿದೆ.’ ಕರಡಿನ ವಾಕ್ಯ ಹೀಗಾಗಬೇಕು: ‘ಫ್ಲೀಟರು ಕೂಟವೆಂದು ನಿರ್ಣಯಿಸಿದ, ಶಕ 860ರ ಕಾಲವನ್ನು ಹೇಳಿಕೊಳ್ಳುವ ಸೂಡಿಯ ತಾಮ್ರಶಾಸನದ ಪ್ರಕಾರ, ದೀವಳಾಂಬೆ ಅಲ್ಲಿ ಕಟ್ಟಿಸಿದ್ದ ಬಸದಿಗೆ ಭೂದತ್ತಿ ದೊರೆಯಿತು.’ ಸಂದೇಹ ಅಡಿಟಿಪ್ಪಣಿಯಿಂದ ವಾಕ್ಯದೊಳಕ್ಕೆ ಬಂದಿತು. ವರ್ಷ ಶಾಸನದ ಪಾಲಿಗೆ ಉಳಿಯಿತು. ತಿದ್ದುಪಡಿ ಸಾಕೇ ಎಂದು ತಿಳಿಯಲು, ಅಡಿಟಿಪ್ಪಣಿಯನ್ನು ಮರೆಮಾಡಿ ವಿಷಯವನ್ನರಿಯದವರೊಬ್ಬರಿಗೆ ಓದಿಸಿ, ‘ಇದು ಯಾರ ಮಾತು? ಈ ವರ್ಷ ಯಾವುದರದು?’ ಎಂದು ಕೇಳಬೇಕು.

ಇದು ಶರಣಾಗತಿಯೆಂದು ಹೇಳುವವರಿದ್ದಾರೆ. ಲೇಖಕರ ನಿಲುವು ಇಲ್ಲಿ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೆ ಈ ಕ್ರಮಕ್ಕೂ ಒಂದು ಎಲ್ಲೆಯಿದೆ. ಶಾಸನ ಕೂಟವಾದರೂ ಅದರ ಸಂಗತಿ ನಂಬಲರ್ಹವೆಂದು ಲೇಖಕರು ವಾದಿಸಿ, ಪರಿಶೀಲಕರು ಅದನ್ನು ಸರಿಯಾಗಿ ಗ್ರಹಿಸಿಯೇ ನಿರಾಕರಿಸಿದ್ದರೆ, ಆಗ ಇರುವುದು ನಿಜವಾದ ಭಿನ್ನಾಭಿಪ್ರಾಯ. ಅಲ್ಲಿ ‘ಸ್ಪಷ್ಟಪಡಿಸಲಾಗಿದೆ’ ಎಂದು ಬರೆಯುವುದು ನುಣುಚಿಕೊಳ್ಳುವ ಉಪಾಯ. ಅಲ್ಲಿ ಬೇಕಾದುದು ಆಧಾರ.